ಮಾತು ಬದಲಾದರೂ ಋಣ ಉಳಿಯುತ್ತದೆ: ಅರ್ಥಶಾಸ್ತ್ರ ಪ್ರಬಂಧದಲ್ಲಿ ಆಕರಗಳನ್ನು ಬಳಸುವ ಬಗೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸಾಗುವ ಹೆದ್ದಾರಿಯಲ್ಲಿ ಸಿಗುವ ತೆಕ್ಕಲಕೋಟೆಯ ಸುತ್ತಮುತ್ತಲಿನ ಬದುಕನ್ನು ಕುರಿತು ಸ್ನಾತಕೋತ್ತರ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬರು ಪ್ರಬಂಧ ಬರೆಯಲು ಹೊರಟಿದ್ದಾರೆ ಎಂದುಕೊಳ್ಳೋಣ. ವಿಷಯ ಹೊಸದೇನಲ್ಲ. ತುಂಗಭದ್ರಾ ಕಾಲುವೆಯ ನೀರು, ಭತ್ತದ ಬೆಳೆ, ಕಾಲುವೆಯ ಮೇಲ್ಭಾಗದ ರೈತರಿಗೆ ದಕ್ಕುವ ನೀರು ಕೊನೆಯ ಭಾಗದವರಿಗೆ ದಕ್ಕದಿರುವುದು. ಇದರ ಮೇಲೆ ಗ್ರಂಥಗಳಿವೆ, ಸರ್ಕಾರಿ ವರದಿಗಳಿವೆ, ಪತ್ರಿಕಾ ಲೇಖನಗಳಿವೆ, ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟು ಪುಟಗಳಿವೆ. ಹೀಗೆ ಸಾಮಗ್ರಿ ಹೇರಳವಾಗಿರುವ ವಿಷಯದಲ್ಲಿಯೇ ಅರಿವಿಲ್ಲದೆ ಕೃತಿಚೌರ್ಯ ನಡೆಯುವ ಸಂಭವ ಹೆಚ್ಚು.

ಬೇಕೆಂದೇ ಮತ್ತೊಬ್ಬರ ಪ್ರಬಂಧವನ್ನು ತಮ್ಮ ಹೆಸರಿನಲ್ಲಿ ಸಲ್ಲಿಸುವವರ ಮಾತು ಇಲ್ಲಿ ಬೇಡ. ಶ್ರದ್ಧೆಯಿಂದ ಓದಿ, ಟಿಪ್ಪಣಿ ಮಾಡಿಕೊಂಡು, ತಮ್ಮದೇ ಮಾತುಗಳಲ್ಲಿ ಬರೆದಿದ್ದೇವೆಂದು ನಂಬಿರುವವರ ಬರಹದಲ್ಲಿಯೂ ದೋಷ ನುಸುಳುವುದು ಹೇಗೆ, ಅದನ್ನು ಗುರುತಿಸುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ. ಆಕರವೊಂದರಿಂದ ನಾವು ಮೂರು ಬಗೆಯ ಸಾಲ ಪಡೆಯುತ್ತೇವೆ: ಮಾತು, ವಿಚಾರ ಮತ್ತು ಅಂಕಿಅಂಶ. ಮಾತನ್ನು ಬದಲಿಸಿದ ಮಾತ್ರಕ್ಕೆ ವಿಚಾರದ ಸಾಲ ತೀರುವುದಿಲ್ಲ. ಆಕರದ ಹೆಸರು ಹೇಳಿದ ಮಾತ್ರಕ್ಕೆ ಅದರ ವಾಕ್ಯವನ್ನು ನಮ್ಮದೆಂದು ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ಈ ಎರಡು ಸಂಗತಿಗಳನ್ನು ಬೆರೆಸಿಕೊಳ್ಳುವುದರಿಂದಲೇ ಬಹುಪಾಲು ಎಡವಟ್ಟುಗಳು ಸಂಭವಿಸುತ್ತವೆ.

ಒಂದು ವಾಕ್ಯವೃಂದ, ಮೂರು ರೂಪ

ಉದಾಹರಣೆಗಾಗಿಯೇ ರಚಿಸಿಕೊಂಡ ಒಂದು ವಾಕ್ಯವೃಂದವನ್ನು ನೋಡೋಣ. ಇದು ನೀರಾವರಿ ಕುರಿತ ಯಾವುದೋ ವರದಿಯ 41ನೆಯ ಪುಟದಲ್ಲಿದೆ ಎಂದು ಭಾವಿಸಿಕೊಳ್ಳಿ:

"ಕಾಲುವೆಯ ಮೇಲ್ಭಾಗದ ರೈತರು ನಿಗದಿತ ಬೆಳೆಗಳ ಬದಲು ಭತ್ತವನ್ನು ಆರಿಸಿಕೊಂಡದ್ದರಿಂದ ಪ್ರತಿ ಎಕರೆಗೆ ಹರಿಯುವ ನೀರು ಯೋಜನೆಯ ಅಂದಾಜನ್ನು ಮೀರಿರುವ ಸಾಧ್ಯತೆಯಿದೆ; ಇದರ ಹೊರೆ ಬಿದ್ದದ್ದು ಕೊನೆಯ ಭಾಗದ ಸಣ್ಣ ಹಿಡುವಳಿದಾರರ ಮೇಲೆ. ದಾಖಲೆಗಳು ನೀರಿನ ಕೊರತೆ ಎಂದು ಕರೆಯುವುದು ವಾಸ್ತವವಾಗಿ ಹಂಚಿಕೆಯ ಬರ."

ಇದನ್ನು ಓದಿದ ವಿದ್ಯಾರ್ಥಿ ಹೀಗೆ ಬರೆಯುತ್ತಾರೆ:

"ಕಾಲುವೆಯ ಆರಂಭದ ಕೃಷಿಕರು ಗೊತ್ತುಪಡಿಸಿದ ಫಸಲಿಗೆ ಬದಲಾಗಿ ಭತ್ತವನ್ನು ಆಯ್ದುಕೊಂಡ ಕಾರಣ ಎಕರೆಯೊಂದಕ್ಕೆ ಹರಿಯುವ ನೀರು ಯೋಜನೆಯ ಲೆಕ್ಕಾಚಾರವನ್ನು ದಾಟಿತು; ಇದರ ಭಾರ ಬಿದ್ದದ್ದು ಕೊನೆಯ ಭಾಗದ ಚಿಕ್ಕ ರೈತರ ಮೇಲೆ. ಕಾಗದಪತ್ರಗಳು ನೀರಿನ ಅಭಾವ ಎನ್ನುವುದು ನಿಜವಾಗಿ ಹಂಚಿಕೆಯ ಬರ (ಲೇಖಕರ ಹೆಸರು, ವರ್ಷ, ಪು. 41)."

ಆಕರವನ್ನು ನಮೂದಿಸಲಾಗಿದೆ. ಪದಗಳೂ ಬಹುಮಟ್ಟಿಗೆ ಬೇರೆಯಾಗಿವೆ. ಆದರೂ ಇದು ಮರುನಿರೂಪಣೆಯಲ್ಲ. ವಾಕ್ಯದ ಎಲುಬುಗೂಡು ಮೂಲದ್ದೇ. ಅದೇ ಕ್ರಮ, ಅದೇ ಅರ್ಧವಿರಾಮ, ಅದೇ 'ಬಿದ್ದದ್ದು'. ರೈತರು ಎಂಬಲ್ಲಿ ಕೃಷಿಕರು, ಹೊರೆ ಎಂಬಲ್ಲಿ ಭಾರ, ಬೆಳೆ ಎಂಬಲ್ಲಿ ಫಸಲು ಎಂದು ಸಮಾನಾರ್ಥಕ ಪದಗಳನ್ನು ಕೂರಿಸಿದ್ದಷ್ಟೇ ಆಗಿರುವ ಕೆಲಸ. ಕೊನೆಗೆ ನೀಡಿದ ಆಕರ 'ಈ ವಿಚಾರ ಅವರದು' ಎಂದು ಹೇಳುತ್ತದೆಯೇ ಹೊರತು 'ಈ ವಾಕ್ಯರಚನೆಯೂ ಅವರದು' ಎಂದು ಹೇಳುವುದಿಲ್ಲ. ಹೀಗಾಗಿ ಓದುಗರು ವಾಕ್ಯವನ್ನು ವಿದ್ಯಾರ್ಥಿಯದೆಂದೇ ತಿಳಿಯುತ್ತಾರೆ. ಅರಿವಿಲ್ಲದ ಕೃತಿಚೌರ್ಯದ ಅತ್ಯಂತ ಸಾಮಾನ್ಯ ರೂಪ ಇದು.

ಇದಕ್ಕಿಂತ ಗಂಭೀರವಾದ ಮತ್ತೊಂದು ಪಲ್ಲಟ ಇಲ್ಲಿ ನಡೆದಿದೆ. ಅವಸರದ ಓದಿಗೆ ಅದು ಕಾಣಿಸದು. ಮೂಲದಲ್ಲಿ 'ಮೀರಿರುವ ಸಾಧ್ಯತೆಯಿದೆ' ಎಂದಿತ್ತು. ವಿದ್ಯಾರ್ಥಿಯ ಕೈಯಲ್ಲಿ ಅದು 'ದಾಟಿತು' ಎಂದಾಯಿತು. ಆಕರ ಊಹಿಸಿದ್ದನ್ನು ಪ್ರಬಂಧ ಸಿದ್ಧಪಡಿಸಿದ ಸತ್ಯವೆಂದು ಮಂಡಿಸಿತು. ಪದಗಳನ್ನು ಬದಲಿಸುವ ಭರದಲ್ಲಿ ಅರ್ಥವೇ ಬದಲಾಗುವುದು ಅರ್ಥಶಾಸ್ತ್ರದಲ್ಲಿ ಮೇಲಿಂದ ಮೇಲೆ ಕಂಡುಬರುವ ತೊಂದರೆ. 'ಸಂಬಂಧವಿದೆ' ಎಂಬುದು 'ಕಾರಣವಾಗಿದೆ' ಎಂದಾಗುತ್ತದೆ. 'ಇಳುವರಿ' ಎಂಬುದು ಪುನರುಕ್ತಿ ತಪ್ಪಿಸಲೆಂದು 'ಉತ್ಪಾದನೆ' ಎಂದಾಗುತ್ತದೆ. ಇಳುವರಿ ಎಂದರೆ ಎಕರೆಯೊಂದಕ್ಕೆ ಬಂದ ಫಸಲು, ಉತ್ಪಾದನೆ ಎಂದರೆ ಒಟ್ಟು ಫಸಲು. ಬಿತ್ತನೆಯ ಪ್ರದೇಶ ವಿಸ್ತರಿಸಿದರೆ ಇಳುವರಿ ಕುಸಿದರೂ ಉತ್ಪಾದನೆ ಏರಬಲ್ಲದು. ಅದೇ ರೀತಿ ಒಂದೇ ಹೊಲದಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆದರೆ 'ಒಟ್ಟು ಬಿತ್ತನೆ ಪ್ರದೇಶ'ದಲ್ಲಿ ಆ ಹೊಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ, 'ನಿವ್ವಳ ಬಿತ್ತನೆ ಪ್ರದೇಶ'ದಲ್ಲಿ ಒಂದೇ ಸಲ. ಎರಡು ಬೆಳೆ ತೆಗೆಯುವ ನೀರಾವರಿ ಪ್ರದೇಶದಲ್ಲಿ ಈ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ. ಆದ್ದರಿಂದ ಶಾಸ್ತ್ರದ ಪಾರಿಭಾಷಿಕ ಪದಗಳನ್ನು ಬದಲಿಸಬಾರದು. ಅವು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಅವುಗಳಿಗೆ ಉದ್ಧರಣ ಚಿಹ್ನೆಯೂ ಬೇಡ.

ಹಾಗಾದರೆ ಸರಿಯಾದ ರೂಪ ಹೇಗಿರಬೇಕು? ಒಂದು ಸಾಧ್ಯತೆ ಹೀಗಿದೆ:

"ಕೊನೆಯ ಭಾಗಕ್ಕೆ ನೀರು ತಲುಪದಿರುವುದಕ್ಕೆ ಅಣೆಕಟ್ಟೆಯ ಸಂಗ್ರಹವೊಂದನ್ನೇ ಹೊಣೆ ಮಾಡಲಾಗದು ಎಂಬುದು ಈ ವರದಿಯ ಒಟ್ಟು ನಿಲುವು. ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಯೋಜಕರು ಎಣಿಸಿದ್ದಕ್ಕಿಂತ ಹೆಚ್ಚು ನೀರು ಅಲ್ಲಿಯೇ ಬಳಕೆಯಾಗಿರಬಹುದೆಂದು ಅದು ಊಹಿಸುತ್ತದೆ. ನಷ್ಟ ಉಂಡವರು ಕೆಳಭಾಗದ ಸಣ್ಣ ಹಿಡುವಳಿದಾರರು ಎನ್ನುತ್ತದೆ. ಈ ಸ್ಥಿತಿಯನ್ನು ವರದಿ 'ಹಂಚಿಕೆಯ ಬರ' ಎಂದು ಕರೆದಿದೆ (ಲೇಖಕರ ಹೆಸರು, ವರ್ಷ, ಪು. 41). ಆದರೆ ಎಕರೆವಾರು ನೀರಿನ ಅಳತೆಯನ್ನು ವರದಿ ಒದಗಿಸಿಲ್ಲವಾದ್ದರಿಂದ ಈ ಊಹೆಯನ್ನು ಪರೀಕ್ಷೆಗೆ ಒಡ್ಡಬೇಕಾಗಿದೆ."

ಇಲ್ಲಿ ವಾದದ ಕ್ರಮ ಬದಲಾಗಿದೆ. ಮೂಲ ಕೊನೆಗೆ ಹೇಳಿದ್ದನ್ನು ಪ್ರಬಂಧ ಮೊದಲು ಹೇಳಿದೆ. ಏಕೆಂದರೆ ಪ್ರಬಂಧಕ್ಕೆ ಬೇಕಾದದ್ದು ಆ ಅಂಶ. ಸಾಧ್ಯತೆ ಸಾಧ್ಯತೆಯಾಗಿಯೇ ಉಳಿದಿದೆ. 'ಹಂಚಿಕೆಯ ಬರ' ಎಂಬ ನುಡಿಗಟ್ಟು ಲೇಖಕರು ಟಂಕಿಸಿದ್ದು, ಎರಡೇ ಪದಗಳಾದರೂ ಅದು ಉದ್ಧರಣ ಚಿಹ್ನೆಯೊಳಗೆ ಕುಳಿತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಕರದ ಮಾತು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂಬುದು ಸ್ಪಷ್ಟವಾಗಿದೆ. 'ಈ ವರದಿಯ ನಿಲುವು' ಎಂಬಲ್ಲಿ ಬಾಗಿಲು ತೆರೆದರೆ, ಪುಟಸಂಖ್ಯೆಯ ಕಂಸದಲ್ಲಿ ಮುಚ್ಚಿದೆ. ನಂತರ ಬರುವ 'ಆದರೆ' ವಿದ್ಯಾರ್ಥಿಯದು. ಇಡೀ ವಾಕ್ಯವೃಂದವನ್ನು ಬರೆದು ಕಟ್ಟಕಡೆಗೆ ಒಂದು ಕಂಸ ಹಾಕಿಬಿಟ್ಟರೆ ಅದು ಕೊನೆಯ ವಾಕ್ಯಕ್ಕೆ ಮಾತ್ರ ಸೇರಿದ್ದೋ ಎಲ್ಲಕ್ಕೂ ಸೇರಿದ್ದೋ ಎಂದು ಓದುಗರು ತಡಕಾಡಬೇಕಾಗುತ್ತದೆ.

ಹೀಗೆ ಬರೆಯಲು ಇರುವ ಉಪಾಯ ಸರಳವಾದರೂ ತುಸು ತಾಳ್ಮೆ ಬೇಡುತ್ತದೆ. ಪುಟವನ್ನು ಓದಿ, ಪುಸ್ತಕ ಮುಚ್ಚಿ, ಗೆಳೆಯರಿಗೆ ವಿವರಿಸುವಂತೆ ನೆನಪಿನಿಂದ ಬರೆಯಬೇಕು. ಬಳಿಕ ಪುಸ್ತಕ ತೆರೆದು ಎರಡು ಬಗೆಯಲ್ಲಿ ತಾಳೆ ನೋಡಬೇಕು. ಅರ್ಥ ಮೂಲದಿಂದ ದೂರ ಸರಿದಿದೆಯೇ? ಮಾತು ಮೂಲಕ್ಕೆ ತೀರ ಹತ್ತಿರ ಬಂದಿದೆಯೇ? ಪುಸ್ತಕವನ್ನು ಎದುರಿಗಿಟ್ಟುಕೊಂಡು ವಾಕ್ಯಕ್ಕೆ ವಾಕ್ಯ ಬರೆಯುವವರಿಗೆ ಮೇಲಿನ ಎರಡನೆಯ ರೂಪದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮುಚ್ಚಿದ ಪುಸ್ತಕದಿಂದ ಏನೂ ಬರೆಯಲಾಗದಿದ್ದರೆ ಓದಿದ್ದು ಇನ್ನೂ ಅರ್ಥವಾಗಿಲ್ಲವೆಂದು ಭಾವಿಸಿ ಮತ್ತೊಮ್ಮೆ ಓದುವುದೇ ದಾರಿ.

ಇಂಗ್ಲಿಷಿನಿಂದ ಕನ್ನಡಕ್ಕೆ ತಂದರೆ ನಮ್ಮದಾಗುವುದೇ?

ಕನ್ನಡ ಮಾಧ್ಯಮದ ಅರ್ಥಶಾಸ್ತ್ರ ವಿದ್ಯಾರ್ಥಿಗಳನ್ನು ವಿಶೇಷವಾಗಿ ಕಾಡುವ ಭ್ರಮೆಯೊಂದಿದೆ. ಓದುವ ಗ್ರಂಥಗಳು ಬಹುಪಾಲು ಇಂಗ್ಲಿಷಿನಲ್ಲಿ, ಬರೆಯುವುದು ಕನ್ನಡದಲ್ಲಿ. ಒಂದು ಪುಟ ಇಂಗ್ಲಿಷನ್ನು ಕನ್ನಡಕ್ಕೆ ತರಲು ಬೆವರು ಸುರಿಸಬೇಕು. ಅಷ್ಟು ಶ್ರಮಪಟ್ಟ ಮೇಲೆ ಅದು ನಮ್ಮ ಬರಹವೇ ಅಲ್ಲವೇ ಎಂದೆನಿಸುವುದು ಸಹಜ. ಆದರೆ ಅನುವಾದ ಅನುವಾದವೇ. ಮೂಲದ ಮೂರು ವಾಕ್ಯಗಳಿಗೆ ಸರಿಯಾಗಿ ಕನ್ನಡದ ಮೂರು ವಾಕ್ಯಗಳು ಬಂದಿದ್ದರೆ ಅದು ಉದ್ಧರಣೆಗೆ ಸಮಾನ. ಉದ್ಧರಣ ಚಿಹ್ನೆಯೊಳಗಿಟ್ಟು, ಪುಟಸಂಖ್ಯೆ ಕೊಟ್ಟು, 'ಅನುವಾದ ಪ್ರಬಂಧಕಾರರದು' ಎಂದು ಸೂಚಿಸಬೇಕು. ಸಾರಾಂಶವಷ್ಟೇ ಬೇಕಿದ್ದರೆ ಕನ್ನಡದಲ್ಲಿಯೂ ಮೇಲೆ ಹೇಳಿದ ಮುಚ್ಚಿದ ಪುಸ್ತಕದ ಕ್ರಮವನ್ನೇ ಅನುಸರಿಸಬೇಕು. ಪದಗಳನ್ನು ಹೋಲಿಸಿ ನೋಡುವ ತಂತ್ರಾಂಶಗಳಿಗೆ ಭಾಷೆ ದಾಟಿ ಬಂದ ನಕಲು ಸುಲಭವಾಗಿ ಸಿಕ್ಕದಿರಬಹುದು. ವಿಷಯ ಬಲ್ಲ ಪರೀಕ್ಷಕರಿಗೆ ಮಾತ್ರ ಕನ್ನಡದ ಜಾಯಮಾನಕ್ಕೆ ಒಗ್ಗದ, ಕರ್ಮಣಿ ಪ್ರಯೋಗಗಳಿಂದ ತೊಡಕಾದ ಉದ್ದನೆಯ ವಾಕ್ಯ ಕಂಡೊಡನೆ ಅದರ ಹಿಂದಿನ ಇಂಗ್ಲಿಷ್ ಪುಟದ ಸುಳಿವು ಹತ್ತಿಬಿಡುತ್ತದೆ.

ಯಾವ ದಂಡೆಯ ಮಾತು?

ಆಕರ ನಮೂದಿಸುವುದು ಶಿಷ್ಟಾಚಾರಕ್ಕಾಗಿ ಮಾತ್ರ ಎಂದು ತಿಳಿದವರಿಗೆ ತುಂಗಭದ್ರಾ ಅಚ್ಚುಕಟ್ಟೇ ಒಳ್ಳೆಯ ಉತ್ತರ ಕೊಡುತ್ತದೆ. ಈ ಯೋಜನೆಯ ನೀರು ಹಂಚಿಕೆಯ ಬಗ್ಗೆ ಪೀಟರ್ ಮೊಲಿಂಗಾ ಅವರು ವಿಸ್ತಾರವಾದ ಅಧ್ಯಯನ ನಡೆಸಿದ್ದಾರೆ. 'ಆನ್ ದಿ ವಾಟರ್‌ಫ್ರಂಟ್' ಎಂಬ ಅವರ ಗ್ರಂಥ ಭಾರತದಲ್ಲಿ 2003ರಲ್ಲಿ ಪ್ರಕಟವಾಯಿತು. ಕಾಲುವೆ ನೀರಾವರಿಯಲ್ಲಿ ರೈತರ ಸಾಮೂಹಿಕ ಸಂಘಟನೆಯನ್ನು ಕುರಿತು ರಾಬರ್ಟ್ ವೇಡ್ ಅವರು ಬರೆದ 'ವಿಲೇಜ್ ರಿಪಬ್ಲಿಕ್ಸ್' 1988ರಲ್ಲಿ ಹೊರಬಂತು. ನೀರಿನ ಕೊರತೆ ಮತ್ತು ಅಪಾಯ ಹೆಚ್ಚಿರುವ, ಕಾಲುವೆಯ ಕೆಳಭಾಗದ ಹಳ್ಳಿಗಳಲ್ಲಿ ಊರಿನ ಜನ ಒಟ್ಟುಗೂಡಿ ನೀರಿನ ಉಸ್ತುವಾರಿಗೆ ವ್ಯವಸ್ಥೆ ಮಾಡಿಕೊಳ್ಳುವ ಪ್ರವೃತ್ತಿ ಹೆಚ್ಚು ಎಂಬುದು ವೇಡ್ ಅವರ ವಾದದ ತಿರುಳು.

ಸಿರುಗುಪ್ಪದ ಮೇಲೆ ಬರೆಯುವವರಿಗೆ ಎರಡೂ ಉಪಯುಕ್ತ ಗ್ರಂಥಗಳೇ. ಆದರೆ ಮೊಲಿಂಗಾ ಅವರ ಕ್ಷೇತ್ರ ರಾಯಚೂರು ಭಾಗದ ಎಡದಂಡೆ ಕಾಲುವೆ. ವೇಡ್ ಅವರ ಹಳ್ಳಿಗಳಿರುವುದು ಆಂಧ್ರಪ್ರದೇಶದ ಕರ್ನೂಲು ಸೀಮೆಯಲ್ಲಿ. ತೆಕ್ಕಲಕೋಟೆ ಇರುವುದು ನದಿಯ ಬಲಕ್ಕೆ. ಸಿರುಗುಪ್ಪ ತಾಲ್ಲೂಕಿಗೆ ನೀರು ತರುವುದು ಬಲದಂಡೆಯ ಕೆಳಮಟ್ಟದ ಕಾಲುವೆ. ಈಗ ಆಕರ ಬಿಟ್ಟು, 'ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗಾಗಿದೆ' ಎಂದು ವಿದ್ಯಾರ್ಥಿ ಬರೆದರೆ ಏನಾಗುತ್ತದೆ? ರಾಯಚೂರಿನ ಹೊಲಗಳಲ್ಲಿ ಕಂಡದ್ದು ಸಿರುಗುಪ್ಪದ ಹೊಲಗಳ ಮೇಲಿನ ತೀರ್ಪಾಗುತ್ತದೆ. ಆ ಪ್ರಬಂಧವನ್ನು ಓದಿದ ಮತ್ತೊಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಕಾಲಕ್ರಮದಲ್ಲಿ ಯಾರೂ ಅಳೆದು ನೋಡದ ಸಂಗತಿ ಎಲ್ಲರಿಗೂ ತಿಳಿದ ಸಂಗತಿಯಾಗುತ್ತದೆ. ಇಂಥ ಊರಿನ ರೈತರೇ ಕೆಳಗಿನವರ ನೀರು ಕಸಿದರೆಂಬ ಆರೋಪ ಸಾಕ್ಷಿಯಿಲ್ಲದೆ ಊರ್ಜಿತವಾಗುತ್ತದೆ. ಸರಿಯಾದ ವಾಕ್ಯ ಹೀಗಿರಬೇಕು: "ರಾಯಚೂರು ಭಾಗದ ಎಡದಂಡೆ ಕಾಲುವೆಯನ್ನು ಅಧ್ಯಯನ ಮಾಡಿದ ಮೊಲಿಂಗಾ (2003) ನೀರು ಹಂಚಿಕೆಯ ಪ್ರಶ್ನೆಯನ್ನು ಚರ್ಚಿಸಿದ್ದಾರೆ, ಬಲದಂಡೆಯ ಸಿರುಗುಪ್ಪದಲ್ಲಿ ಅದೇ ಪರಿಸ್ಥಿತಿ ಇದೆಯೇ ಎಂಬುದನ್ನು ಈ ಪ್ರಬಂಧ ಪರಿಶೀಲಿಸುತ್ತದೆ." ಹೀಗೆ ಬರೆದಾಗ ಋಣವೂ ಸಂದಿತು, ಪ್ರಬಂಧಕ್ಕೊಂದು ಸ್ವಂತ ಪ್ರಶ್ನೆಯೂ ಸಿಕ್ಕಿತು.

ವೇಡ್ ಅವರ ಗ್ರಂಥವನ್ನು ನೋಡದೆ, ಬೇರೊಬ್ಬರ ಪುಸ್ತಕದಲ್ಲಿ ಅವರ ವಾದದ ಸಾರಾಂಶ ಓದಿದವರು ನೇರವಾಗಿ 'ವೇಡ್, 1988' ಎಂದು ಬರೆಯಬಾರದು. 'ವೇಡ್, 1988; ಇಂಥವರ ಗ್ರಂಥದಲ್ಲಿ ಉಲ್ಲೇಖಿತ' ಎಂದು ಓದಿದ ಪುಸ್ತಕವನ್ನೇ ಹೆಸರಿಸಬೇಕು. ತೆಕ್ಕಲಕೋಟೆಯ ಸಂದರ್ಭದಲ್ಲಿ ಇದಕ್ಕೆ ಇನ್ನೊಂದು ನಿದರ್ಶನವಿದೆ. ಇಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನವಸತಿ ಇತ್ತೆಂಬ ವಾಕ್ಯ ಸ್ಥಳೀಯ ಪ್ರಬಂಧಗಳ ಪೀಠಿಕೆಗೆ ಒಪ್ಪುವಂಥದ್ದು. ಆದರೆ ಆ ತಿಳಿವಳಿಕೆ ತಾನಾಗಿ ಬಂದದ್ದಲ್ಲ. ಎಂ.ಎಸ್. ನಾಗರಾಜರಾವ್ ಅವರು 1963-64ರಲ್ಲಿ ಉತ್ಖನನ ನಡೆಸಿ, ಕೆ.ಸಿ. ಮಲ್ಹೋತ್ರಾ ಅವರೊಂದಿಗೆ ಬರೆದ ವರದಿಯನ್ನು 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು. ವರದಿಯನ್ನು ತೆರೆದು ನೋಡಿದವರು ಅದನ್ನು ಹೆಸರಿಸಲಿ. ಅಂತರ್ಜಾಲದ ಪುಟ ನೋಡಿ ಬರೆದವರು ಆ ಪುಟವನ್ನೂ ನೋಡಿದ ದಿನಾಂಕವನ್ನೂ ಹೇಳಲಿ. ನೋಡದ ವರದಿಯ ಹೆಸರು ಬರೆದು ಗೌರವ ಹೆಚ್ಚಿಸಿಕೊಳ್ಳುವುದು ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರೂ ಬಯಲಾಗುವ ಕೆಲಸ. (ಆಕರಪಟ್ಟಿಯಲ್ಲಿ ನಮ್ಮ ಹೆಸರುಗಳು 'ನಾಗರಾಜರಾವ್, ಎಂ.ಎಸ್.' ಎಂದು ಬರಬೇಕು. 'ರಾವ್' ಎಂಬುದನ್ನು ಕುಲನಾಮವೆಂದು ಹರಿದು ಮೊದಲಿಗಿಡುವ ತಂತ್ರಾಂಶಗಳನ್ನು ತಿದ್ದುವ ಕೆಲಸ ನಮ್ಮದೇ.)

ಅಂಕಿಗಳಿಗೂ ಊರು, ವರ್ಷ ಉಂಟು

ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆ ಇದೆ ಎನ್ನಲು ಆಕರ ಬೇಕಿಲ್ಲ; ಅದು ಸರ್ವವಿದಿತ. ಅದರ ಸಂಗ್ರಹ ಸಾಮರ್ಥ್ಯ ಎಷ್ಟು ಎನ್ನಲು ಬೇಕು. ಒಂದು ಕಡೆ ಸುಮಾರು 133 ಟಿಎಂಸಿ ಎಂದಿರುತ್ತದೆ, ಇನ್ನೊಂದು ಕಡೆ 105.788 ಟಿಎಂಸಿ ಎಂದಿರುತ್ತದೆ. ಎರಡೂ ಸುಳ್ಳಲ್ಲ. ಮೊದಲನೆಯದು 1953ರ ಸುಮಾರಿಗೆ ಅಣೆಕಟ್ಟೆ ಸಿದ್ಧಗೊಂಡ ಕಾಲದ್ದು. ಎರಡನೆಯದು ಹೂಳು ತುಂಬಿದ ನಂತರದ ಸಮೀಕ್ಷೆಯ ಫಲ. ಆಕರವನ್ನೂ ವರ್ಷವನ್ನೂ ಬಿಟ್ಟು ಬರೆದರೆ ಓದುಗರಿಗೆ ಗೊಂದಲ, ಬರೆದವರಿಗೆ ಮುಜುಗರ. ಅಂಕಿ ಯಾರ ಕಲ್ಪನೆಯೂ ಅಲ್ಲ, ನಿಜ. ಆದರೆ ಅಳೆದವರ ಶ್ರಮ ಅದರಲ್ಲಿದೆ, ಅಳತೆಯ ವಿಧಾನದ ಮಿತಿಯೂ ಇದೆ. ಈ ಎರಡು ಅಂಕಿಗಳಿಂದ ವಿದ್ಯಾರ್ಥಿ ತಾವೇ ಲೆಕ್ಕ ಹಾಕಿ, ಸಾಮರ್ಥ್ಯದಲ್ಲಿ ಐದರಲ್ಲೊಂದು ಭಾಗ ನಷ್ಟವಾಗಿದೆ ಎಂದು ಬರೆಯಬಹುದು. ಆಗ ಎರಡೂ ಅಂಕಿಗಳ ಆಕರ ಕೊಟ್ಟು 'ಲೆಕ್ಕಾಚಾರ ಪ್ರಬಂಧಕಾರರದು' ಎಂದು ಸೇರಿಸಬೇಕು. ಲೆಕ್ಕ ತಪ್ಪಿದ್ದರೆ ಹೊಣೆ ಯಾರದೆಂಬುದೂ ಇದರಿಂದ ತಿಳಿಯುತ್ತದೆ. ವರದಿಯ ಕೋಷ್ಟಕವನ್ನು ಹಾಗೆಯೇ ಇಳಿಸಿಕೊಂಡರೆ ಕೋಷ್ಟಕದ ಕೆಳಗೇ ಆಕರ ಬರಬೇಕು.

ಬಳ್ಳಾರಿಯ ಮಟ್ಟಿಗೆ ವರ್ಷದ ನಮೂದು ಇನ್ನೂ ಮುಖ್ಯ. ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಮುಂತಾದ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಹೀಗಾಗಿ 2011ರ ಜನಗಣತಿಯ 'ಬಳ್ಳಾರಿ ಜಿಲ್ಲೆ' ಮತ್ತು ಇಂದಿನ ಬಳ್ಳಾರಿ ಜಿಲ್ಲೆ ಬೇರೆ ಬೇರೆ ಭೂಪ್ರದೇಶಗಳು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಜಿಲ್ಲೆಯ ಭತ್ತದ ಪ್ರದೇಶ ಏರಿತು, ಇಳಿಯಿತು ಎಂದು ಬರೆದರೆ ಅದು ಗಡಿಯ ಬದಲಾವಣೆಯೇ ಹೊರತು ಕೃಷಿಯ ಬದಲಾವಣೆಯಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಸಲ್ಲಿಸಿದಾಗ ರಾಜ್ಯದಲ್ಲಿದ್ದದ್ದು 175 ತಾಲ್ಲೂಕು. ಅವುಗಳಲ್ಲಿ 114 ಹಿಂದುಳಿದವೆಂದು ಅದು ಗುರುತಿಸಿತು. ಕುರುಗೋಡು ಆಗ ತಾಲ್ಲೂಕೇ ಆಗಿರಲಿಲ್ಲ. ಅದರ ಹೆಸರಿನಲ್ಲಿ 'ನಂಜುಂಡಪ್ಪ ವರದಿಯ ಪ್ರಕಾರ' ಎಂದು ಬರೆದವರು ವರದಿಯನ್ನು ತೆರೆದು ನೋಡಿಲ್ಲವೆಂಬುದು ಅಲ್ಲಿಗೇ ಖಚಿತವಾಗುತ್ತದೆ. ಇಂಥ ವರದಿಗಳನ್ನು ಜನ ಅಧ್ಯಕ್ಷರ ಹೆಸರಿನಿಂದ ಕರೆದರೂ ಆಕರಪಟ್ಟಿಯಲ್ಲಿ ಸಮಿತಿಯ ಪೂರ್ಣ ಹೆಸರು, ಸರ್ಕಾರ ಮತ್ತು ವರ್ಷ ಇರಬೇಕು.

ಶೇಕಡಾವಾರಿನ ಭಯ

ಕೃತಿಚೌರ್ಯ ಎಂದೊಡನೆ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಪರ್ಸೆಂಟ್‌ವರೆಗೆ ನಡೆಯುತ್ತದೆ?' ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ನಿಯಮಾವಳಿಯೇ ಈ ಪ್ರಶ್ನೆಯ ಮೂಲ. ಅದರಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಅದಕ್ಕೆ ಗರಿಷ್ಠ ಆರು ತಿಂಗಳ ಅವಧಿ. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ಆಕರ ಸಹಿತವಾದ ಉದ್ಧರಣೆ, ಆಕರಪಟ್ಟಿ, ಸಾಮಾನ್ಯ ಪಾರಿಭಾಷಿಕ ಪದ, ಕಾನೂನಿನ ಪಾಠ, ಪ್ರಮಾಣಿತ ಸಮೀಕರಣ ಇವು ಈ ಲೆಕ್ಕಕ್ಕೆ ಬರುವುದಿಲ್ಲ.

ಸ್ವಾರಸ್ಯವೆಂದರೆ ಈ ನಿಯಮಾವಳಿ ಸ್ನಾತಕೋತ್ತರ ಮತ್ತು ಸಂಶೋಧನಾ ಮಟ್ಟದ ಮಹಾಪ್ರಬಂಧ, ಸಂಶೋಧನಾ ಲೇಖನ ಮೊದಲಾದವುಗಳಿಗೆ ಅನ್ವಯಿಸುತ್ತದೆ. ತರಗತಿಯ ನಿಯೋಜಿತ ಬರಹ, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರಪತ್ರಿಕೆಗಳನ್ನು ಅದು ಹೊರಗಿಟ್ಟಿದೆ. ಅಂದರೆ ಸಾಮಾನ್ಯ ಅರ್ಥಶಾಸ್ತ್ರ ಪ್ರಬಂಧದ ಬಗ್ಗೆ ತೀರ್ಮಾನ ಅಧ್ಯಾಪಕರದು ಮತ್ತು ಆಯಾ ಸಂಸ್ಥೆಯದು. ಅಲ್ಲಿ ಶೇ 10ರ ರಿಯಾಯಿತಿ ಕೇಳುವಂತಿಲ್ಲ. ಹೋಲಿಕೆಯ ಅಂಕಿ ದೋಷದ ಅಳತೆಯೂ ಅಲ್ಲ. ಒಂದು ಮುಖ್ಯ ವಾದವನ್ನು ಆಕರವಿಲ್ಲದೆ, ಪೂರ್ತಿ ಬೇರೆ ಮಾತುಗಳಲ್ಲಿ ಎತ್ತಿಕೊಂಡರೆ ತಂತ್ರಾಂಶ ಶೇ ಸೊನ್ನೆ ತೋರಿಸಬಹುದು.

ಪೀಠಿಕೆ ಮತ್ತು ಹಿನ್ನೆಲೆಯ ಭಾಗಗಳಲ್ಲಿ ಎಚ್ಚರ ತಪ್ಪುವ ಸಾಧ್ಯತೆ ಹೆಚ್ಚು. ವಿಜ್ಞಾನಕ್ಷೇತ್ರದ್ದಾದರೂ ಬೆಂಗಳೂರಿನದೇ ಪ್ರಸಂಗವೊಂದು ಇದಕ್ಕೆ ಸಾಕ್ಷಿ. ಪ್ರೊ. ಸಿ.ಎನ್.ಆರ್. ರಾವ್ ಅವರು ಸಹಲೇಖಕರಾಗಿದ್ದ ಲೇಖನವೊಂದು 2011ರಲ್ಲಿ 'ಅಡ್ವಾನ್ಸ್‌ಡ್ ಮಟೀರಿಯಲ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಬೇರೊಂದು ಲೇಖನದ ಕೆಲವು ವಾಕ್ಯಗಳು ಹಾಗೆಯೇ ಬಂದದ್ದಕ್ಕಾಗಿ ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ವಿವಾದಕ್ಕೆ ಒಳಗಾದದ್ದು ಸಂಶೋಧನೆಯ ಫಲಿತಾಂಶವಲ್ಲ, ಅಷ್ಟೊಂದು ಮುಖ್ಯವಲ್ಲವೆಂದು ಯಾರಾದರೂ ಭಾವಿಸಬಹುದಾದ ಕೆಲವು ಸಾಲುಗಳು.

ದೋಷ ಹುಟ್ಟುವುದು ಟಿಪ್ಪಣಿ ಪುಸ್ತಕದಲ್ಲಿ

ಇಂಥ ಸಾಲುಗಳು ಬರೆಯುವ ಹೊತ್ತಿನಲ್ಲಿ ನುಸುಳುವುದಕ್ಕಿಂತ ತಿಂಗಳುಗಳ ಹಿಂದೆ ಟಿಪ್ಪಣಿ ಮಾಡಿಕೊಂಡಾಗಲೇ ನುಸುಳಿರುತ್ತವೆ. ಗ್ರಂಥಾಲಯದಲ್ಲಿ ಕುಳಿತು ಒಂದು ಒಳ್ಳೆಯ ಸಾಲನ್ನು ಚಿಹ್ನೆಯಿಲ್ಲದೆ ಬರೆದುಕೊಂಡದ್ದು, ಎರಡು ತಿಂಗಳ ನಂತರ ತೆರೆದಾಗ ನಮ್ಮದೇ ಸಾಲಿನಂತೆ ಕಾಣುತ್ತದೆ. ಬರೆದದ್ದು ನಮ್ಮ ಕೈಬರಹದಲ್ಲಿಯೇ ಅಲ್ಲವೇ! ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದುಕೊಳ್ಳುವವರು ಶೀರ್ಷಿಕೆಯ ಪುಟವನ್ನು ಬಿಟ್ಟಿರುತ್ತಾರೆ. ಜೆರಾಕ್ಸ್ ಹಾಳೆಯಲ್ಲಿ ಪುಟಸಂಖ್ಯೆ ಕತ್ತರಿಸಿಹೋಗಿರುತ್ತದೆ. ಕೊನೆಗೆ ವಾಕ್ಯ ಉಳಿಯುತ್ತದೆ, ಅದರ ವಿಳಾಸ ಉಳಿಯುವುದಿಲ್ಲ.

ಆದ್ದರಿಂದ ಟಿಪ್ಪಣಿಯ ಪ್ರತಿ ಹಾಳೆಯ ತಲೆಯಲ್ಲಿ ಲೇಖಕ, ಗ್ರಂಥ, ವರ್ಷ ಮೊದಲು ಬರಲಿ. ಪುಟಸಂಖ್ಯೆ ಎಡ ಅಂಚಿನಲ್ಲಿರಲಿ. ಯಥಾವತ್ತಾಗಿ ಇಳಿಸಿಕೊಂಡದ್ದು ಒಂದು ಪದಪುಂಜವೇ ಆದರೂ ಕೂಡಲೇ ಉದ್ಧರಣ ಚಿಹ್ನೆಯೊಳಗೆ ಸೇರಲಿ. ಆಕರದ ಸಾರಾಂಶಕ್ಕೆ 'ಸಾ' ಎಂದೂ ನಮಗೆ ಹೊಳೆದ ಆಲೋಚನೆಗೆ 'ನ' ಎಂದೂ ಗುರುತು ಹಾಕಿಕೊಂಡರೆ ಸಾಕು. ಈ ಮೂರನೆಯ ಗುರುತು ಬಹಳ ಜನ ಬಿಟ್ಟುಬಿಡುವಂಥದ್ದು. ಆದರೆ 'ನ' ಎಂಬ ಗುರುತುಗಳಿಂದಲೇ ಪ್ರಬಂಧ ಕಟ್ಟಿಕೊಳ್ಳುವುದು. ಕರಡು ಸಿದ್ಧವಾದ ಮೇಲೆ ಒಂದು ಪುಟವನ್ನು ಆರಿಸಿಕೊಂಡು ಪ್ರತಿ ವಾಕ್ಯದ ಪಕ್ಕದಲ್ಲಿ ಇದು ಎಲ್ಲಿಂದ ಬಂತೆಂದು ಬರೆಯುತ್ತ ಹೋಗಿ. ಉತ್ತರ ತೋಚದ ವಾಕ್ಯ ಸಿಕ್ಕರೆ ಟಿಪ್ಪಣಿಗೆ ಹಿಂತಿರುಗಿ ಮೂಲ ಹುಡುಕಬೇಕು. ಸಿಕ್ಕದಿದ್ದರೆ ವಾಕ್ಯವನ್ನು ಬಿಡಬೇಕಾಗುತ್ತದೆ.

ಇನ್ನು, ತೆಕ್ಕಲಕೋಟೆಯ ಹೊಲದ ಬದುವಿನಲ್ಲಿ ನಿಂತು ರೈತರೊಬ್ಬರು ಹೇಳಿದ ಮಾತಿಗೂ ಆಕರವಿದೆ. ಕಾಲುವೆಗೆ ನೀರು ಬಿಟ್ಟ ಎಷ್ಟನೆಯ ದಿನ ತಮ್ಮ ತೂಬಿಗೆ ನೀರು ಬಂತೆಂದು ಅವರು ನೆನಪಿನಿಂದ ಹೇಳಿದ್ದು ಯಾವ ವರದಿಯಲ್ಲಿಯೂ ಇಲ್ಲದ ಮಾಹಿತಿಯಾಗಿರಬಹುದು. ಅದನ್ನು ವಿದ್ಯಾರ್ಥಿಯ ಸ್ವಂತ ಅಭಿಪ್ರಾಯದಂತೆ ಬರೆಯುವುದೂ ಸಾಲ ಮುಚ್ಚಿಟ್ಟಂತೆಯೇ. ಹೆಸರು ಹೇಳಲು ಅವರ ಒಪ್ಪಿಗೆ ಇಲ್ಲದಿದ್ದರೆ 'ಕೆಳಭಾಗದ, ಮೂರು ಎಕರೆ ಹಿಡುವಳಿಯ ರೈತರೊಂದಿಗೆ ಸಂದರ್ಶನ, ತೆಕ್ಕಲಕೋಟೆ' ಎಂದು ಬರೆದು ತಿಂಗಳು, ವರ್ಷ ಸೇರಿಸಬಹುದು. ಅವರು 'ನೀರು ತಡವಾಗಿ ಬಂತು' ಎಂದಷ್ಟೇ ಹೇಳಿದ್ದರೆ, ಪ್ರಬಂಧವೂ ಅಷ್ಟನ್ನೇ ಹೇಳಬೇಕು. 'ಮೇಲಿನವರು ನೀರು ತಡೆದರು' ಎಂಬುದು ಅವರ ಮಾತಲ್ಲ.